ಹದಿಮೂರು ಒಪ್ಪಿಗೆ, ಒಂದು ತಕರಾರು

ಮೆಡಿಕಲ್ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುವವನ ಕೋಣೆಗೆ ಸ್ನಾತಕೋತ್ತರ ವಿದ್ಯಾರ್ಥಿಗಳು ಬರುವುದು ಎರಡೇ ಸಂದರ್ಭದಲ್ಲಿ. ಒಂದು, ಪ್ರಬಂಧ ಒಪ್ಪಿಸಲು ವಾರವಿದೆ ಎನ್ನುವಾಗ. ಇನ್ನೊಂದು, ಜರ್ನಲ್‌ನಿಂದ ಇಮೇಲ್ ಬಂದಾಗ. ಎರಡನೆಯ ಸಲ ಮುಖ ಹೆಚ್ಚು ಬಾಡಿರುತ್ತದೆ. ಕೈಯಲ್ಲಿ ನಾಲ್ಕೈದು ಪುಟದ ಪ್ರಿಂಟ್‌ಔಟ್ ಇರುತ್ತದೆ, ಅದರ ಮೇಲೆ ಕೆಂಪು ಶಾಯಿಯಲ್ಲಿ ಗೆರೆ ಎಳೆದಿರುತ್ತದೆ. "ಸರ್, ರಿಜೆಕ್ಟ್ ಆಗಿದೆ" ಎನ್ನುತ್ತಾರೆ. ನಾನು ಮೊದಲು ಹುಡುಕುವುದು ಎರಡು ಪದ: 'ಮೇಜರ್ ರಿವಿಷನ್'. ಅದು ಕಂಡರೆ ಕುರ್ಚಿ ತೋರಿಸುತ್ತೇನೆ. ರಿಜೆಕ್ಟ್ ಆಗಿಲ್ಲ, ತಿದ್ದಿ ತನ್ನಿ ಎಂದಿದ್ದಾರೆ, ಅಷ್ಟೇ.

ಸಂಶೋಧನಾ ಪತ್ರಿಕೆಗೆ ಹೋದ ಲೇಖನ ನೇರವಾಗಿ ಅಚ್ಚಿಗೆ ಹೋಗುವುದಿಲ್ಲ. ಸಂಪಾದಕರು ಅದನ್ನು ಆ ವಿಷಯ ಬಲ್ಲ ಇಬ್ಬರಿಗೋ ಮೂವರಿಗೋ ಕಳಿಸುತ್ತಾರೆ. ಇವರೇ ರಿವ್ಯೂವರ್‌ಗಳು, ಪರಿಶೀಲಕರು. ಬಹುತೇಕ ಇವರಿಗೆ ಸಂಬಳವಿಲ್ಲ, ಹೆಸರೂ ಹೊರಗೆ ಬರುವುದಿಲ್ಲ. ಅವರು ತಪ್ಪು, ಅನುಮಾನ, ಸಲಹೆಗಳ ಪಟ್ಟಿ ಬರೆಯುತ್ತಾರೆ. ಲೇಖಕರು ಪೇಪರ್ ತಿದ್ದಿ, ಅದರ ಜೊತೆಗೆ ಒಂದು ಪತ್ರ ಕಳಿಸಬೇಕು. ಪ್ರತಿ ಟಿಪ್ಪಣಿಗೂ ಒಂದು ಉತ್ತರ: ಏನು ಬದಲಿಸಿದೆವು, ಎಲ್ಲಿ ಬದಲಿಸಿದೆವು, ಬದಲಿಸದಿದ್ದರೆ ಏಕೆ. ಪೇಪರ್ ಓದುವವರಲ್ಲಿ ಹೆಚ್ಚಿನವರು ಈ ಪತ್ರವನ್ನು ನೋಡಿರುವುದೇ ಇಲ್ಲ. ಆದರೆ ಪೇಪರ್‌ನ ಹಣೆಬರಹ ನಿರ್ಧಾರವಾಗುವುದು ಬಹಳ ಸಲ ಇದರಲ್ಲಿಯೇ.

ನನ್ನ ಮೊದಲ ಉತ್ತರಪತ್ರವನ್ನು ನಾನು ಒಂದೇ ರಾತ್ರಿಯಲ್ಲಿ, ಸಿಟ್ಟಿನಲ್ಲಿ ಬರೆದೆ. ಒಂದು ಟಿಪ್ಪಣಿಗೆ "ಇದನ್ನು ಏಳನೇ ಪುಟದಲ್ಲಿ ಈಗಾಗಲೇ ಸ್ಪಷ್ಟವಾಗಿ ಹೇಳಿದ್ದೇವೆ" ಎಂದು ಬರೆದು, ಚೆನ್ನಾಗಿ ಕೊಟ್ಟೆ ಎಂದುಕೊಂಡಿದ್ದೆ. ನಮ್ಮ ಗೈಡ್ ಓದಿ, 'ಸ್ಪಷ್ಟವಾಗಿ' ಎಂಬ ಪದದ ಸುತ್ತ ಪೆನ್ಸಿಲ್‌ನಿಂದ ಸುತ್ತು ಹಾಕಿದರು. "ಅಲ್ಲಪ್ಪಾ, ಅಷ್ಟು ಸ್ಪಷ್ಟವಾಗಿದ್ದರೆ ಆ ಮನುಷ್ಯನಿಗೆ ಯಾಕೆ ಕಾಣಿಸಲಿಲ್ಲ?" ಎಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಏಳನೇ ಪುಟ ತೆಗೆದು ನೋಡಿದರೆ ಆ ಮಾತು ಒಂದು ಉದ್ದನೆಯ ವಾಕ್ಯದ ಬಾಲದಲ್ಲಿ, ಆವರಣದೊಳಗೆ ಕೂತಿತ್ತು. ಪೇಪರನ್ನು ಮನಸ್ಸಿಟ್ಟು ಓದಲು ಒಪ್ಪಿಕೊಂಡು ಕೂತ ಮನುಷ್ಯನಿಗೇ ಕಾಣದಿದ್ದದ್ದು, ಬಸ್ಸಿನಲ್ಲಿ ಕೂತು ಮೊಬೈಲ್‌ನಲ್ಲಿ ಓದುವವನಿಗೆ ಕಂಡೀತೇ? ಅಂದು ಆ ವಾಕ್ಯವನ್ನು ಎರಡಾಗಿ ಒಡೆದು ಮೇಲೆ ತಂದೆವು. ಉತ್ತರದಲ್ಲಿ "ಈ ಅಂಶ ಮೊದಲಿನ ಪ್ರತಿಯಲ್ಲಿ ಎದ್ದು ಕಾಣುತ್ತಿರಲಿಲ್ಲ, ಈಗ ಪ್ಯಾರಾದ ಮೊದಲಿಗೆ ತಂದಿದ್ದೇವೆ" ಎಂದು ಬರೆದೆವು. ಅದರ ಬಗ್ಗೆ ಮತ್ತೆ ಯಾರೂ ಕೇಳಲಿಲ್ಲ.

ಈಗ ತರಗತಿಯಲ್ಲಿ ಇದನ್ನು ಕಲಿಸಲು ಒಂದು ಉದಾಹರಣೆ ಇಟ್ಟುಕೊಂಡಿದ್ದೇನೆ. ಪಾಠಕ್ಕೆಂದೇ ಕಟ್ಟಿದ ಪೇಪರ್ ಅದು, ನಿಜವಾಗಿ ನಡೆದ ಅಧ್ಯಯನವಲ್ಲ. ಆದರೆ ಅದರ ಮೇಲೆ ಬರುವ ಟಿಪ್ಪಣಿಗಳೆಲ್ಲ ನಾನು ಬೇರೆ ಬೇರೆ ವೇಷದಲ್ಲಿ ಮತ್ತೆ ಮತ್ತೆ ಕಂಡವು.

ಒಂದು ಹಾಸ್ಟೆಲ್‌ನಲ್ಲಿ 120 ಹುಡುಗಿಯರು. ಚೀಟಿ ಎತ್ತಿದ ಹಾಗೆ ಯಾದೃಚ್ಛಿಕವಾಗಿ ಅರ್ಧ ಜನರಿಗೆ ದಿನಾ ಬೆಳಿಗ್ಗೆ ಮೊಳಕೆ ಕಟ್ಟಿದ ರಾಗಿಯ ಗಂಜಿ, ಇನ್ನರ್ಧ ಜನರಿಗೆ ಅಷ್ಟೇ ಪ್ರಮಾಣದ ಸಾದಾ ರಾಗಿ ಗಂಜಿ. ಹನ್ನೆರಡು ವಾರದ ಬಳಿಕ ರಕ್ತ ಪರೀಕ್ಷೆ. ಮೊಳಕೆ ಕಟ್ಟಿದಾಗ ರಾಗಿಯಲ್ಲಿರುವ ಫೈಟೇಟ್ ಕಡಿಮೆಯಾಗುತ್ತದೆ, ಹಾಗಾಗಿ ಕಬ್ಬಿಣಾಂಶ ದೇಹಕ್ಕೆ ಹೆಚ್ಚು ಸಿಗಬೇಕು ಎನ್ನುವುದು ಲೇಖಕರ ಎಣಿಕೆ. ಕೊನೆಗೆ ಸಿಕ್ಕಿದ್ದು ಇಷ್ಟು: ಮೊಳಕೆ ಗಂಜಿ ಕುಡಿದವರ ಹಿಮೋಗ್ಲೋಬಿನ್ ಸರಾಸರಿ 0.3 ಗ್ರಾಂ ಹೆಚ್ಚಿತ್ತು, ಪಿ ಮೌಲ್ಯ 0.15. ಲೇಖಕರು "ಮೊಳಕೆ ರಾಗಿಯಿಂದ ಪರಿಣಾಮವಿಲ್ಲ" ಎಂದು ಬರೆದು ಕಳಿಸಿದರು. ಮೊದಲ ಪರಿಶೀಲಕರಿಂದ ಎಂಟು ಟಿಪ್ಪಣಿ, ಎರಡನೆಯವರಿಂದ ಆರು, ಒಟ್ಟು ಹದಿನಾಲ್ಕು ಬಂದವು.

ಉತ್ತರ ಬರೆಯುವ ಮೊದಲ ಕೆಲಸ ಉತ್ತರವಲ್ಲ, ನಕಲು. ಪರಿಶೀಲಕರ ಪ್ರತಿ ಟಿಪ್ಪಣಿಯನ್ನೂ ಒಂದಕ್ಷರ ಬಿಡದೆ ಹೊಸ ಕಡತಕ್ಕೆ ಇಳಿಸಿ, ಸಂಖ್ಯೆ ಕೊಡುವುದು. ಸಾರಾಂಶ ಮಾಡಬಾರದು. ನಮಗೆ ನೋವಾದ ಸಾಲನ್ನು ಸಾರಾಂಶದಲ್ಲಿ ನಾವೇ ಸ್ವಲ್ಪ ಮೃದುಗೊಳಿಸುತ್ತೇವೆ, ಕಷ್ಟದ ಭಾಗ ಕೈತಪ್ಪುತ್ತದೆ. ಒಂದೇ ಪ್ಯಾರಾದಲ್ಲಿ ಎರಡು ಪ್ರಶ್ನೆ ಇದ್ದರೆ ಒಡೆದು 2ಅ, 2ಆ ಎಂದು ಮಾಡುವುದು ಒಳ್ಳೆಯದು. ಸುಲಭದ ಅರ್ಧಕ್ಕೆ ಉತ್ತರಿಸಿ ಕಷ್ಟದ ಅರ್ಧವನ್ನು ನುಂಗಿದ್ದಾರೆ ಎಂಬುದು ಪರಿಶೀಲಕರು ಎರಡನೇ ಸುತ್ತಿನಲ್ಲಿ ಮಾಡುವ ಸಾಮಾನ್ಯ ದೂರು, ಮತ್ತು ಅದು ಹೆಚ್ಚಿನ ಸಲ ನಿಜ.

ಮೊದಲ ಪರಿಶೀಲಕರ ಎರಡನೇ ಟಿಪ್ಪಣಿ ಹೀಗಿತ್ತು: "120 ಮಂದಿ ಸೇರಿದರು ಎನ್ನುತ್ತೀರಿ, ಕೋಷ್ಟಕದಲ್ಲಿ 112 ಇದೆ. ಎಂಟು ಹುಡುಗಿಯರು ಎಲ್ಲಿ ಹೋದರು?" ಇದು ಕೊಂಕು ಅಲ್ಲ. ಗಂಜಿ ಕುಡಿದು ಹೊಟ್ಟೆ ಕೆಟ್ಟವರೆಲ್ಲ ಒಂದೇ ಗುಂಪಿನಿಂದ ಬಿಟ್ಟು ಹೋಗಿದ್ದರೆ ಉಳಿದವರ ಸರಾಸರಿಗೆ ಅರ್ಥವಿರುವುದಿಲ್ಲ. ಇಂಥದ್ದಕ್ಕೆ "ಸರಿಪಡಿಸಲಾಗಿದೆ" ಎಂಬ ಒಂದು ಪದದ ಉತ್ತರ ಸಾಲದು. ನಾನು ತರಗತಿಯಲ್ಲಿ ಬರೆಸುವ ಉತ್ತರ ಇದು:

"ಈ ಲೋಪವನ್ನು ತೋರಿಸಿದ್ದಕ್ಕೆ ಧನ್ಯವಾದ. ಮೊಳಕೆ ಗುಂಪಿನಿಂದ ಮೂವರು, ಸಾದಾ ಗುಂಪಿನಿಂದ ಐವರು ಕೊನೆಯ ಲೆಕ್ಕದಲ್ಲಿಲ್ಲ. ಮೊದಲ ಗುಂಪಿನಲ್ಲಿ ಇಬ್ಬರು ಹಾಸ್ಟೆಲ್ ಬಿಟ್ಟರು, ಒಬ್ಬಳು ಎರಡನೇ ಸಲ ರಕ್ತ ಕೊಡಲು ಒಪ್ಪಲಿಲ್ಲ. ಎರಡನೆಯದರಲ್ಲಿ ಮೂವರು ಹಾಸ್ಟೆಲ್ ಬಿಟ್ಟರು, ಇಬ್ಬರು ರಕ್ತ ಕೊಡಲು ಒಪ್ಪಲಿಲ್ಲ. ಗಂಜಿ ಒಗ್ಗಲಿಲ್ಲವೆಂದು ಬಿಟ್ಟವರು ಯಾರೂ ಇಲ್ಲ. ಈ ವಿವರವನ್ನು ಪುಟ 6, ಸಾಲು 112ರಿಂದ 118ರವರೆಗೆ ಸೇರಿಸಿದ್ದೇವೆ. ಹೊಸದಾಗಿ ಚಿತ್ರ 1ರಲ್ಲಿ ಸೇರಿದವರು, ಬಿಟ್ಟವರು, ಉಳಿದವರ ನಕ್ಷೆ ಕೊಟ್ಟಿದ್ದೇವೆ."

ಒಪ್ಪಿಗೆ, ಉತ್ತರ, ಜಾಗ, ಮೂರೂ ಅದರಲ್ಲಿವೆ. ಬದಲಾದ ವಾಕ್ಯ ಚಿಕ್ಕದಾಗಿದ್ದರೆ ಅದನ್ನೇ ಪತ್ರದಲ್ಲಿ ಎತ್ತಿ ಹಾಕಬೇಕು. ಪರಿಶೀಲಕರು ಪತ್ರ ಒಂದು ಕಿಟಕಿಯಲ್ಲಿ, ಪೇಪರ್ ಇನ್ನೊಂದು ಕಿಟಕಿಯಲ್ಲಿ ತೆರೆದು ಅತ್ತಿಂದಿತ್ತ ಓಡಾಡುವ ಹಾಗಾದರೆ, ನಾಲ್ಕನೇ ಟಿಪ್ಪಣಿಗೆ ಬರುವಷ್ಟರಲ್ಲಿ ಅವರ ತಾಳ್ಮೆ ಮುಗಿದಿರುತ್ತದೆ.

ಇನ್ನೊಂದು ಟಿಪ್ಪಣಿ ಬೇರೆ ಜಾತಿಯದು: "ಒಂದೇ ಊಟದ ಮನೆಯಲ್ಲಿ ಕುಳಿತ ಗೆಳತಿಯರು ಲೋಟ ಅದಲು ಬದಲು ಮಾಡಿಕೊಂಡಿರಬಹುದಲ್ಲ?" ಮಾಡಿಕೊಂಡಿರಬಹುದು. ಹಾಸ್ಟೆಲ್‌ನಲ್ಲಿ ಇದ್ದವರಿಗೆ ಇದು ಗೊತ್ತು. ಅಧ್ಯಯನ ಮುಗಿದಿದೆ, ಹಿಂದಕ್ಕೆ ಹೋಗಿ ಬೇರೆ ಬೇರೆ ಕೋಣೆಯಲ್ಲಿ ಕೂರಿಸಲು ಆಗುವುದಿಲ್ಲ. ಇಂಥಲ್ಲಿ ವಾದ ಮಾಡುವುದೂ ತಪ್ಪು, ಏನೋ ಮಾಡಿದೆವೆಂದು ತೋರಿಸಿಕೊಳ್ಳುವುದೂ ತಪ್ಪು. ಪೇಪರ್‌ನ ಮಿತಿಗಳ ಭಾಗದಲ್ಲಿ ಇದನ್ನು ಬರೆದು, ಒಂದು ಹೆಜ್ಜೆ ಮುಂದೆ ಹೋಗಿ ಇದರ ಪರಿಣಾಮ ಯಾವ ದಿಕ್ಕಿಗೆ ಎಂದು ಹೇಳಬೇಕು. ಲೋಟ ಬದಲಾಗಿದ್ದರೆ ಎರಡು ಗುಂಪಿನ ನಡುವಿನ ವ್ಯತ್ಯಾಸ ತಗ್ಗುತ್ತದೆ, ಅಂದರೆ ನಿಜವಾದ ಪರಿಣಾಮ ಕಂಡದ್ದಕ್ಕಿಂತ ದೊಡ್ಡದಿರಬಹುದು. ಆ ಒಂದು ವಾಕ್ಯ ಇದ್ದರೆ ಮಿತಿ ಬರೀ ಕ್ಷಮಾಪಣೆಯಾಗಿ ಉಳಿಯುವುದಿಲ್ಲ, ಓದುಗನಿಗೆ ಉಪಯೋಗಕ್ಕೆ ಬರುತ್ತದೆ.

ಜಂತುಹುಳು ಮಾತ್ರೆ ಎರಡೂ ಗುಂಪಿಗೆ ಸಿಕ್ಕಿತ್ತೇ, ಹಿಮೋಗ್ಲೋಬಿನ್ ಯಾವ ಯಂತ್ರದಲ್ಲಿ ನೋಡಿದಿರಿ, ಕೋಷ್ಟಕದಲ್ಲಿ ದಶಮಾಂಶ ಒಂದೇ ಸಮ ಇಲ್ಲ, ಭಾಷೆ ತಿದ್ದಿ ಇತ್ಯಾದಿ ಉಳಿದವೆಲ್ಲ ಒಂದು ಮಧ್ಯಾಹ್ನದ ಕೆಲಸ. ಮಾಡಿ ಮುಗಿಸುವುದು.

ತಕರಾರು ಇರುವುದು ಎರಡನೇ ಪರಿಶೀಲಕರ ಮೂರನೇ ಟಿಪ್ಪಣಿಯಲ್ಲಿ. "ಪರಿಣಾಮವಿಲ್ಲ ಎನ್ನುತ್ತೀರಿ. ನಿಮ್ಮ ಅಧ್ಯಯನಕ್ಕೆ ಅದನ್ನು ಕಂಡುಹಿಡಿಯುವ ಪವರ್ ಇತ್ತೇ? ಸಿಕ್ಕಿರುವ ಫಲಿತಾಂಶವನ್ನು ಇಟ್ಟುಕೊಂಡು ಪವರ್ ಲೆಕ್ಕ ಹಾಕಿ ವರದಿ ಮಾಡಿ." ಕೇಳಲು ನ್ಯಾಯವಾಗಿದೆ. ವೈದ್ಯಕೀಯ ಜರ್ನಲ್‌ಗಳಲ್ಲಿ ಇದನ್ನು ಎಷ್ಟು ಸಲ ಕೇಳಿದ್ದಾರೋ ಲೆಕ್ಕವಿಲ್ಲ. ಲೇಖಕರೂ ತಲೆಬಾಗಿ ಹಾಕಿಕೊಡುತ್ತಾರೆ. ಆದರೆ ಕೇಳಿದ ಲೆಕ್ಕವೇ ತಪ್ಪು.

ಪವರ್ ಎಂದರೇನು ಎನ್ನುವುದನ್ನು ಬಲೆಯ ಲೆಕ್ಕದಲ್ಲಿ ಹೇಳಬಹುದು. ಹೊಳೆಗೆ ಹೋಗುವ ಮುನ್ನ "ಇಷ್ಟು ದೊಡ್ಡ ಮೀನಿದ್ದರೆ ಈ ಬಲೆಗೆ ಸಿಗುವ ಸಂಭವ ಎಷ್ಟು?" ಎಂದು ಕೇಳುವುದು ಪವರ್. ನಮ್ಮ ಲೇಖಕರು ಶುರುವಿನಲ್ಲೇ ಈ ಲೆಕ್ಕ ಹಾಕಿದ್ದರು. 0.6 ಗ್ರಾಂ ವ್ಯತ್ಯಾಸ ನಿಜವಾಗಿ ಇದ್ದರೆ ಅದು 80% ಸಂಭವದಲ್ಲಿ ಸಿಕ್ಕಿಬೀಳಬೇಕು ಎಂದರೆ ಗುಂಪಿಗೆ 53 ಮಂದಿ ಬೇಕಿತ್ತು. ಕೆಲವರು ಬಿಟ್ಟುಹೋಗುತ್ತಾರೆಂದು 60 ತೆಗೆದುಕೊಂಡರು. ಪರಿಶೀಲಕರು ಕೇಳುತ್ತಿರುವುದು ಬೇರೆ. ಮನೆಗೆ ಬಂದ ಮೇಲೆ, ಬುಟ್ಟಿಯಲ್ಲಿ ಏನು ಬಿದ್ದಿದೆಯೋ ಅದನ್ನೇ ಹೊಳೆಯ ಮೀನಿನ ಗಾತ್ರವೆಂದು ಹಿಡಿದು ಬಲೆಯ ಗುಣ ಹೇಳಿ ಎನ್ನುತ್ತಿದ್ದಾರೆ. ಸಿಕ್ಕಿದ 0.3 ಗ್ರಾಂ ಅನ್ನೇ ಸತ್ಯವೆಂದು ಹಿಡಿದು ಲೆಕ್ಕ ಹಾಕಿದರೆ ಪವರ್ ಸುಮಾರು 30% ಬರುತ್ತದೆ. ನೋಡಿದವರು "ಅಯ್ಯೋ, ಅದಕ್ಕೇ ಸಿಗಲಿಲ್ಲ" ಎನ್ನುತ್ತಾರೆ. ಆದರೆ ಆ 30% ಬಂದದ್ದು ಪಿ ಮೌಲ್ಯ 0.15 ಇದ್ದುದರಿಂದ. ಪಿ ಮೌಲ್ಯ 0.15 ಬಂದ ಇಂಥ ಯಾವ ಅಧ್ಯಯನಕ್ಕೂ ಈ ಲೆಕ್ಕ ಸುಮಾರು 30% ಎಂದೇ ಹೇಳುತ್ತದೆ, 0.05 ಬಂದರೆ ಸುಮಾರು 50% ಎನ್ನುತ್ತದೆ. ಹೊಸ ಮಾಹಿತಿ ಏನೂ ಇಲ್ಲ, ಅದೇ ಅಂಕಿ ಬೇರೆ ಅಂಗಿ ತೊಟ್ಟು ಬಂದಿದೆ. ಹೋನಿಗ್ ಮತ್ತು ಹೈಸಿ ಎಂಬಿಬ್ಬರು 2001ರಲ್ಲಿ 'ದಿ ಅಮೆರಿಕನ್ ಸ್ಟ್ಯಾಟಿಸ್ಟಿಷಿಯನ್' ಪತ್ರಿಕೆಯಲ್ಲಿ ಇದನ್ನು ಗಣಿತದಿಂದಲೇ ತೋರಿಸಿಕೊಟ್ಟರು. ಕಾಲು ಶತಮಾನ ಕಳೆಯುತ್ತ ಬಂದರೂ ಪ್ರಶ್ನೆ ನಿಂತಿಲ್ಲ.

ಹಾಗಾದರೆ "ನಿಮಗೆ ಸಂಖ್ಯಾಶಾಸ್ತ್ರ ಗೊತ್ತಿಲ್ಲ" ಎಂದು ಬರೆಯುವುದೇ? ನನ್ನ ವಿದ್ಯಾರ್ಥಿಗಳಿಗೆ ಇಲ್ಲಿ ಕೈ ತುರಿಸುತ್ತದೆ. ಸ್ವಲ್ಪ ತಡೆದು ನೋಡಿದರೆ, ಪರಿಶೀಲಕರು ಹೇಳಿದ ಮದ್ದು ತಪ್ಪಿದೆ, ಹಿಡಿದ ನಾಡಿ ಸರಿಯಿದೆ. "ಪರಿಣಾಮವಿಲ್ಲ" ಎಂಬ ವಾಕ್ಯವೇ ಅವರಿಗೆ ಚುಚ್ಚಿದ್ದು, ಮತ್ತು ಅದು ಚುಚ್ಚಬೇಕಾದದ್ದೇ. ಈ ಅಧ್ಯಯನದ 95% ಕಾನ್ಫಿಡೆನ್ಸ್ ಇಂಟರ್‌ವಲ್, ಅಂದರೆ ಈ ಅಂಕಿಅಂಶಕ್ಕೆ ಹೊಂದುವ ನಿಜವಾದ ವ್ಯತ್ಯಾಸದ ವ್ಯಾಪ್ತಿ, ಮೈನಸ್ 0.1 ಗ್ರಾಂನಿಂದ 0.7 ಗ್ರಾಂವರೆಗೆ ಇದೆ. ಸೊನ್ನೆ ಅದರೊಳಗಿದೆ, ನಿಜ. ಆದರೆ ಲೇಖಕರೇ ಉಪಯುಕ್ತ ಎಂದು ಮೊದಲು ಗುರುತಿಸಿದ 0.6 ಕೂಡ ಅದರೊಳಗೇ ಇದೆ! ಪರಿಣಾಮವಿಲ್ಲ ಎನ್ನುವುದಕ್ಕೂ ಪರಿಣಾಮ ಸಾಬೀತಾಗಲಿಲ್ಲ ಎನ್ನುವುದಕ್ಕೂ ಅಜಗಜಾಂತರ. ಆದ್ದರಿಂದ ಉತ್ತರ ಹೀಗೆ ಹೊರಡುತ್ತದೆ:

"ಫಲಿತಾಂಶವನ್ನು ನಾವು ಅಗತ್ಯಕ್ಕಿಂತ ಖಚಿತವಾಗಿ ಹೇಳಿದ್ದೇವೆ ಎಂಬ ಪರಿಶೀಲಕರ ಆತಂಕವನ್ನು ಒಪ್ಪುತ್ತೇವೆ. 'ಪರಿಣಾಮವಿಲ್ಲ' ಎಂಬ ಮಾತನ್ನು ತೆಗೆದಿದ್ದೇವೆ. ಆದರೆ ಕಂಡ ವ್ಯತ್ಯಾಸವನ್ನು ಆಧರಿಸಿದ ಪವರ್ ಲೆಕ್ಕವನ್ನು ಸೇರಿಸಿಲ್ಲ. ಆ ಅಂಕಿ ಪಿ ಮೌಲ್ಯದಿಂದಲೇ ನಿರ್ಧಾರವಾಗುವುದರಿಂದ ಓದುಗರಿಗೆ ಹೊಸದೇನನ್ನೂ ತಿಳಿಸುವುದಿಲ್ಲ (ಹೋನಿಗ್ ಮತ್ತು ಹೈಸಿ, 2001). ಅಧ್ಯಯನ ಎಷ್ಟು ಸೂಕ್ಷ್ಮವಾಗಿತ್ತು ಎಂಬ ಪರಿಶೀಲಕರ ಪ್ರಶ್ನೆಗೆ ಉತ್ತರವಾಗಿ ಎರಡು ಬದಲಾವಣೆ ಮಾಡಿದ್ದೇವೆ. ಅಧ್ಯಯನಕ್ಕೆ ಮೊದಲು ಹಾಕಿದ ಪವರ್ ಲೆಕ್ಕವನ್ನು ಪೂರ್ತಿಯಾಗಿ ಕೊಟ್ಟಿದ್ದೇವೆ (ಪುಟ 5, ಸಾಲು 88ರಿಂದ 93). ಚರ್ಚೆಯ ಭಾಗದಲ್ಲಿ ಈ ವಾಕ್ಯ ಸೇರಿಸಿದ್ದೇವೆ: 'ನಮ್ಮ ಅಂಕಿಅಂಶ ಸೊನ್ನೆ ಪರಿಣಾಮಕ್ಕೂ, ಉಪಯುಕ್ತವೆಂದು ನಾವು ಮೊದಲೇ ಗುರುತಿಸಿದ 0.6 ಗ್ರಾಂ ಏರಿಕೆಗೂ ಹೊಂದುತ್ತದೆ, ಈ ಅಧ್ಯಯನದಿಂದ ಇತ್ಯರ್ಥ ಮಾಡಲಾಗದು' (ಪುಟ 11, ಸಾಲು 240ರಿಂದ 243)."

ಇದರಲ್ಲಿ 'ಇಲ್ಲ' ಎಂಬುದು ಒಂದೇ ಕಡೆ ಇದೆ, ಮತ್ತು ಅದು ಮುಚ್ಚುಮರೆಯಿಲ್ಲದೆ ಇದೆ. ಹೊಗಳಿಕೆಯ ಹೂವಿನಲ್ಲಿ ಅದನ್ನು ಬಚ್ಚಿಟ್ಟರೆ ಪರಿಶೀಲಕರಿಗೆ ಮಾಡಿದ್ದಾರೋ ಇಲ್ಲವೋ ಗೊತ್ತಾಗುವುದಿಲ್ಲ, ಗೊತ್ತಾದಾಗ ಕೋಪ ಬರುತ್ತದೆ. ಆಧಾರ ಒಂದೇ ಇದೆ, ಐದಾರು ಪೇಪರ್‌ಗಳ ಪಟ್ಟಿಯಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಒಪ್ಪದೆಯೂ ಪೇಪರ್ ಬದಲಾಗಿದೆ. ಒಂದಕ್ಷರವನ್ನೂ ತಿದ್ದದೆ ಬರೀ ಪತ್ರದಲ್ಲಿ ವಾದ ಮಾಡಿ ಗೆದ್ದರೆ, ಪರಿಶೀಲಕನಿಗೆ ಬಂದ ಅನುಮಾನ ನಾಳೆ ಓದುಗನಿಗೂ ಬರುತ್ತದೆ, ಅವನ ಹತ್ತಿರ ಈ ಪತ್ರ ಇರುವುದಿಲ್ಲ.

ಈ ತಕರಾರನ್ನು ಸಂಪಾದಕರು ಹದಿಮೂರು ಉತ್ತರಗಳ ನಡುವೆ ತಾವಾಗಿ ಕಂಡುಹಿಡಿಯಲಿ ಎಂದು ಬಿಡಬಾರದು. ಪತ್ರದ ಮೊದಲ ಪ್ಯಾರಾದಲ್ಲೇ "ಹದಿನಾಲ್ಕರಲ್ಲಿ ಹದಿಮೂರನ್ನು ಕೇಳಿದಂತೆಯೇ ಮಾಡಿದ್ದೇವೆ, ಪರಿಶೀಲಕರು 2, ಟಿಪ್ಪಣಿ 3ರಲ್ಲಿ ಮಾತ್ರ ಬೇರೆ ದಾರಿ ಹಿಡಿದಿದ್ದೇವೆ" ಎಂದು ಹೇಳಿಬಿಡುವುದು ಲೇಸು. ತೀರ್ಪು ಕೊಡುವವರು ಸಂಪಾದಕರು. ಎರಡನೇ ಸುತ್ತಿನಲ್ಲೂ ಪರಿಶೀಲಕರು ಪಟ್ಟು ಬಿಡದಿದ್ದರೆ, ಸಂಖ್ಯಾಶಾಸ್ತ್ರ ಬಲ್ಲ ಇನ್ನೊಬ್ಬರ ಅಭಿಪ್ರಾಯ ಪಡೆಯಿರಿ ಎಂದು ಅವರನ್ನೇ ಕೇಳಬಹುದು. ಅದಕ್ಕೂ ಆಚೆ ಲೇಖಕರ ಕೈಯಲ್ಲಿ ಉಳಿಯುವುದು ಪೇಪರ್ ವಾಪಸ್ ಪಡೆಯುವುದೊಂದೇ.

ವಾಪಸ್ ಪಡೆದವರಲ್ಲಿ ಐನ್‌ಸ್ಟೈನ್ ಕೂಡ ಒಬ್ಬರು. 1936ರಲ್ಲಿ ಅವರು ನೇಥನ್ ರೋಸೆನ್ ಜೊತೆಗೂಡಿ ಗುರುತ್ವದ ಅಲೆಗಳು ಇಲ್ಲ ಎಂದು ವಾದಿಸುವ ಪೇಪರ್ ಒಂದನ್ನು ಅಮೆರಿಕದ 'ಫಿಸಿಕಲ್ ರಿವ್ಯೂ'ಗೆ ಕಳಿಸಿದರು. ಸಂಪಾದಕ ಜಾನ್ ಟೇಟ್ ಅದನ್ನು ಪರಿಶೀಲನೆಗೆ ಕೊಟ್ಟು, ಬಂದ ಹತ್ತು ಪುಟದ ಟಿಪ್ಪಣಿಯನ್ನು ಐನ್‌ಸ್ಟೈನ್‌ಗೆ ಕಳಿಸಿದರು. ಜರ್ಮನಿಯ ಪತ್ರಿಕೆಗಳ ಪದ್ಧತಿಗೆ ಒಗ್ಗಿದ್ದ ಐನ್‌ಸ್ಟೈನ್‌ಗೆ ಸಿಟ್ಟು ಬಂತು. ಅಚ್ಚಾಗುವ ಮೊದಲು ಅದನ್ನು ಬೇರೆಯವರಿಗೆ ತೋರಿಸಲು ನಾವು ಒಪ್ಪಿಗೆ ಕೊಟ್ಟಿರಲಿಲ್ಲ, ಆ ಅನಾಮಿಕರ ಹೇಗೂ ತಪ್ಪಾದ ಮಾತುಗಳಿಗೆ ಉತ್ತರಿಸುವ ಅಗತ್ಯ ಕಾಣುವುದಿಲ್ಲ ಎಂಬರ್ಥದ ಪತ್ರ ಬರೆದು ಪೇಪರ್ ಹಿಂದಕ್ಕೆ ತರಿಸಿಕೊಂಡರು. ಟಿಪ್ಪಣಿ ತಪ್ಪಾಗಿರಲಿಲ್ಲ. ಅದನ್ನು ಬರೆದವರು ಪ್ರಿನ್ಸ್‌ಟನ್‌ನ ಎಚ್. ಪಿ. ರಾಬರ್ಟ್‌ಸನ್ ಎಂಬುದು ಪತ್ರಿಕೆಯ ಹಳೆಯ ದಾಖಲೆ ಪುಸ್ತಕದಿಂದ ಬಹಳ ಕಾಲದ ಮೇಲೆ ಖಚಿತವಾಯಿತು. ಅದೇ ರಾಬರ್ಟ್‌ಸನ್ ಐನ್‌ಸ್ಟೈನ್‌ರ ಸಹಾಯಕ ಇನ್‌ಫೆಲ್ಡ್ ಜೊತೆ ಮಾತಿಗೆ ಕೂತು, ತಾನೇ ಪರಿಶೀಲಕ ಎಂದು ಹೇಳದೆ, ತಪ್ಪು ಎಲ್ಲಿದೆಯೆಂದು ತೋರಿಸಿದರು. 1937ರಲ್ಲಿ ಆ ಪೇಪರ್ ಫ್ರಾಂಕ್ಲಿನ್ ಇನ್‌ಸ್ಟಿಟ್ಯೂಟ್‌ನ ಪತ್ರಿಕೆಯಲ್ಲಿ ಬಂದಾಗ ಅದರ ತೀರ್ಮಾನ ತಿರುವುಮುರುವಾಗಿತ್ತು. ಆ ಅಲೆಗಳು ನಿಜಕ್ಕೂ ಸಿಕ್ಕಿದ್ದು 2015ರಲ್ಲಿ. ಸುದ್ದಿ ಹೊತ್ತ ಪೇಪರ್ 2016ರಲ್ಲಿ ಅಚ್ಚಾದದ್ದು 'ಫಿಸಿಕಲ್ ರಿವ್ಯೂ ಲೆಟರ್ಸ್'ನಲ್ಲಿ, ಅಂದರೆ ಅದೇ ಮನೆಯ ಪತ್ರಿಕೆಯಲ್ಲಿ.

ನಮ್ಮಂಥವರ ಪೇಪರ್ ಹಾಳಾಗುವುದು ಸಿಟ್ಟಿಗಿಂತ ಹೆಚ್ಚಾಗಿ ಅಜಾಗರೂಕತೆಯಿಂದ. ಪತ್ರದಲ್ಲಿ "ಬದಲಿಸಿದ್ದೇವೆ" ಎಂದಿರುತ್ತದೆ, ಪೇಪರ್‌ನಲ್ಲಿ ಬದಲಾಗಿರುವುದಿಲ್ಲ. ಮೂವರು ಲೇಖಕರು ಮೂರು ಪ್ರತಿಯಲ್ಲಿ ಕೆಲಸ ಮಾಡಿದರೆ ಹೀಗಾಗುವುದು ಖಂಡಿತ. ಸಾಲಿನ ಸಂಖ್ಯೆಗಳದು ಇನ್ನೊಂದು ರಗಳೆ. ತಿದ್ದುಪಡಿ ಕಾಣುವ ಪ್ರತಿಯಲ್ಲಿ 240ನೇ ಸಾಲು ಇದ್ದದ್ದು, ಶುದ್ಧ ಪ್ರತಿಯಲ್ಲಿ 221 ಆಗಿರುತ್ತದೆ. ಯಾವ ಪ್ರತಿಯ ಸಾಲು ಎಂದು ಪತ್ರದ ತಲೆಯಲ್ಲೇ ಬರೆದು, ಸಂಖ್ಯೆಗಳನ್ನು ಎಲ್ಲ ಮುಗಿದ ಮೇಲೆ ಕೊನೆಗೆ ತುಂಬಿಸಬೇಕು. ನಾನು ಅತಿ ಹೆಚ್ಚು ಕಂಡ ತಪ್ಪು ಮಾತ್ರ ಸಾರಾಂಶದ್ದು. ಚರ್ಚೆಯಲ್ಲಿ "ಇತ್ಯರ್ಥವಾಗಿಲ್ಲ" ಎಂದು ವಿನಯದಿಂದ ತಿದ್ದಿರುತ್ತಾರೆ, ಮೊದಲ ಪುಟದ ಸಾರಾಂಶದಲ್ಲಿ "ಪರಿಣಾಮವಿಲ್ಲ" ಹಾಗೇ ಕೂತಿರುತ್ತದೆ. ಹೆಚ್ಚಿನ ಓದುಗರು ಓದುವುದು ಸಾರಾಂಶವನ್ನೇ. ಕಳಿಸುವ ಮುನ್ನ ಆ ಪದವನ್ನು ಇಡೀ ಕಡತದಲ್ಲಿ ಹುಡುಕಿ ನೋಡಲು ಅರ್ಧ ನಿಮಿಷ ಸಾಕು.

ಇಂಥ ಪತ್ರಗಳನ್ನು ನೋಡಬೇಕೆಂದರೆ ಮೊದಲು ಹೆಚ್ಚು ದಾರಿಯಿರಲಿಲ್ಲ. 'ಎಂಬೋ ಜರ್ನಲ್' 2009ರಿಂದ ತಾನು ಅಚ್ಚು ಹಾಕುವ ಪೇಪರ್‌ಗಳ ಜೊತೆಗೆ ಪರಿಶೀಲಕರ ಟಿಪ್ಪಣಿ, ಲೇಖಕರ ಉತ್ತರಗಳನ್ನು ಪ್ರಕಟಿಸತೊಡಗಿತು. 'ನೇಚರ್ ಕಮ್ಯುನಿಕೇಷನ್ಸ್' 2016ರಲ್ಲಿ ಅದೇ ದಾರಿ ಹಿಡಿಯಿತು. ದುಡ್ಡು ಕೊಡದೆ ಓದಬಹುದು. ನಿಮ್ಮ ಮಗನೋ ಮಗಳೋ ಮೊದಲ ಪೇಪರ್ ಕಳಿಸಿ ಉತ್ತರಕ್ಕೆ ಕಾಯುತ್ತಿದ್ದರೆ, ಅವರ ವಿಷಯದ ಒಂದು ಪೇಪರ್ ತೆರೆದು ಅದರ ಕೆಳಗಿರುವ ಪೀರ್ ರಿವ್ಯೂ ಫೈಲ್ ಓದಲು ಹೇಳಿ. ಎರಡನೇ ಪರಿಶೀಲಕರ ಭಾಗದಿಂದ ಶುರು ಮಾಡಲಿ.